ಬಲಗೆನ್ನೆಯ ತುತ್ತು

"ಚೀಟಿ ಯಾರು ಎತ್ಬೇಕು?" ಎಂದು ಆನಂದ್ ಕೇಳಿದ.

"ಅಮ್ಮನೇ ಎತ್ಲಿ," ಎಂದ ಪ್ರೇಮ್‌ಕುಮಾರ್. "ಆಗ ಯಾರೂ ಮೋಸ ಅನ್ನೋ ಹಾಗಿಲ್ಲ."

ಕೆ.ಆರ್. ಪುರದ ಆಚೆಗಿದ್ದ ಹೊಲ ಭಾಗವಾದಾಗಲೂ ಇದೇ ಹಿತ್ತಾಳೆ ಚೊಂಬಿನಲ್ಲಿ ಚೀಟಿ ಹಾಕಿ ಎತ್ತಿದ್ದರು. ಕೆರೆ ಪಕ್ಕದ ತುಂಡು ಯಾರಿಗೆ, ರಸ್ತೆ ಪಕ್ಕದ್ದು ಯಾರಿಗೆ ಎಂಬುದು ಹಾಗೆಯೇ ತೀರ್ಮಾನವಾಗಿತ್ತು. ಇಂದು ಭಾಗವಾಗುತ್ತಿದ್ದುದು ಅವರ ತಾಯಿ ಆಂಜನಮ್ಮ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಹಲಸೂರಿನ ಮನೆಯ ನಡುಮನೆಯಲ್ಲಿ, ಮಂಚದ ಮೇಲೆ ಒರಗಿ ಕುಳಿತು, ಮಕ್ಕಳು ಮಡಚುತ್ತಿದ್ದ ಕಾಗದದ ಚೂರುಗಳನ್ನು ನೋಡುತ್ತಿದ್ದಳು.

ಹಿರಿಯ ಮಗ ಪ್ರೇಮ್‌ಕುಮಾರ್ ಕಂಟೋನ್ಮೆಂಟಿನ ಕಾಲೇಜೊಂದರಲ್ಲಿ ನೀತಿಶಾಸ್ತ್ರ ಹೇಳಿಕೊಡುತ್ತಿದ್ದ. ಮನೆಯಲ್ಲಿ ಮಾತಾಡುವಾಗಲೂ ಕಪ್ಪು ಹಲಗೆಯ ಮುಂದೆ ನಿಂತವನ ಹಾಗೆ ಕೈ ಹಿಂದಕ್ಕೆ ಕಟ್ಟುತ್ತಿದ್ದ.

"ನಾನು ಪ್ರೇಮ್ ಅನ್ನೋದನ್ನ ಮರ್ತುಬಿಡಿ," ಎಂದ. "ಆನಂದ, ನೀನು ಆನಂದ ಅನ್ನೋದನ್ನ ಮರಿ. ಹಂಸ, ನೀನೂ. ನಮ್ಮಲ್ಲಿ ಯಾರು ಯಾರಾಗಿರ್ತೀವಿ ಅಂತಾನೇ ಗೊತ್ತಿಲ್ದೆ ಕೂತು ನಿಯಮ ಮಾಡಿದ್ರೆ ಎಂಥದ್ದು ಮಾಡ್ತೀವಿ? ತಲಾ ಒಂದೊಂದು ತಿಂಗಳು. ಒಬ್ರ ತಿಂಗಳಲ್ಲಿ ಇನ್ನೊಬ್ರು ತಲೆ ಹಾಕಬಾರ್ದು. ಇದಕ್ಕೆ ಯಾರೂ ಬೇಡ ಅನ್ನಕ್ಕಾಗಲ್ಲ."

ಹಂಸ ಬಾಗಿಲಿಗೆ ಒರಗಿ ನಿಂತಿದ್ದಳು. ಅಣ್ಣನಿಗೆ ಮರೆಯುವುದು ಎಷ್ಟು ಸಲೀಸು ಎನಿಸಿತು. ನಿಯಮ ಮಾಡಲು ಕುಳಿತವರೆಲ್ಲ ತಾವೇ ಎದ್ದು ನೀರು ಕುಡಿಯಬಲ್ಲವರು. ಎದ್ದು ಕೂರಲಾರದವಳಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ, ಚೊಂಬಿನಲ್ಲಿ ಮಾತ್ರ ಇತ್ತು. ಹೇಳಬೇಕೆಂದುಕೊಂಡವಳು ಅಡುಗೆಮನೆಗೆ ನಡೆದುಬಿಟ್ಟಳು. ಅಪ್ಪ ಹಾಸಿಗೆ ಹಿಡಿದಾಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ದೊಡ್ಡಣ್ಣನ ಎದುರು ಅವಳ ಬಾಯಿಂದ 'ಹೂಂ' ಬಿಟ್ಟು ಬೇರೆ ಮಾತು ಬಂದಿದ್ದೇ ಕಡಿಮೆ.

ಒಳಗೆ ಅಡುಗೆಮನೆಯಲ್ಲಿ ಆನಂದನ ಹೆಂಡತಿ ಸುಕನ್ಯ ಅವಳ ತೋಳು ಹಿಡಿದುಕೊಂಡಳು. "ಭಾವನ ಪಾಠ ಕೇಳಿದ್ರೆ ನಂಗೂ ಮೈ ಉರಿಯುತ್ತೆ. ಆದ್ರೆ ಒಪ್ಕೊಂಬಿಡು. ಚೀಟಿ ಇಲ್ದಿದ್ರೆ ಎಲ್ಲಾ ನಿನ್ ತಲೆ ಮೇಲೇನೇ. ಹಂಸ ಇದಾಳಲ್ಲ ಅಂತ ಇಬ್ರೂ ಆರಾಮಾಗಿರ್ತಾರೆ. ನಿನ್ ಬೆನ್ನು ಏನಾಗಿದೆ ನೋಡ್ಕೊಂಡಿದೀಯಾ?"

ಅದು ಸುಳ್ಳಲ್ಲ. ಅಮ್ಮನನ್ನು ಎತ್ತಿ ಎತ್ತಿ ಹಂಸಳ ಸೊಂಟ ಬೆಳಿಗ್ಗೆ ಹೊತ್ತು ನೆಟ್ಟಗಾಗುತ್ತಿರಲಿಲ್ಲ. ಕೊನೆಯ ಸಲ ಬಿಸಿ ಅನ್ನ ಉಂಡದ್ದು ಯಾವಾಗ ಎಂಬುದೂ ನೆನಪಿರಲಿಲ್ಲ.

ಹಂಸಳೇ ಚೊಂಬು ಹಿಡಿದು ಮಂಚದ ಹತ್ತಿರ ಹೋದಳು. ಅಮ್ಮ ಎಡಗೈ ಚಾಚಿದಳು. ಚೀಟಿಯನ್ನಲ್ಲ, ಚೊಂಬು ಹಿಡಿದಿದ್ದ ಮಗಳ ಬೆರಳುಗಳನ್ನು ಹಿಡಿದುಕೊಂಡಳು. ಪ್ರೇಮ್‌ಕುಮಾರ್ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಕೈಯನ್ನು ಚೊಂಬಿನೊಳಕ್ಕೆ ಇಳಿಸಿ, ಚೀಟಿಯೊಂದನ್ನು ಅಂಗೈಗೆ ಒತ್ತಿ ಹೊರಗೆ ತೆಗೆದ.

"ನೋಡಿ, ಅವರೇ ಎತ್ತಿದ್ರು," ಎಂದ. ಮೊದಲ ತಿಂಗಳು ಅವನದೇ ಆಗಿತ್ತು.

ಪ್ರೇಮ್‌ಕುಮಾರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಂದಿರಾನಗರದ ಅವನ ಮನೆಯಲ್ಲಿ ಅಮ್ಮನಿಗೆ ಗಾಳಿ ಬರುವ ಕೋಣೆ, ಹೊಸ ಹಾಸಿಗೆ. ಕೆಲಸದವಳ ಕೈಗೆ ಬಿಡದೆ, ಮಧ್ಯಾಹ್ನ ಕಾಲೇಜಿನಿಂದ ಬಂದು ತಾನೇ ಉಣಿಸುತ್ತಿದ್ದ. ದಿನವೂ ಒಂದೇ ಬಟ್ಟಲು, ಒಂದೇ ಅಳತೆ, ಒಂದೇ ಹೊತ್ತು. ತನ್ನ ಪಾಲಿನ ಕೆಲಸದಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡದವನು ಎಂಬ ತೃಪ್ತಿ ಅವನ ಮುಖದ ಮೇಲೆ ಎಣ್ಣೆಯ ಹಾಗೆ ಹೊಳೆಯುತ್ತಿತ್ತು.

ತಲೆ ಹಾಕಬಾರದು ಎಂಬ ಮಾತಿಗೆ ಕಟ್ಟುಬಿದ್ದು ಹಂಸ ಕೆಲವು ದಿನ ಹಲಸೂರಿನಲ್ಲೇ ಉಳಿದಳು. ಬೆನ್ನಿಗೆ ಬಿಡುವು ಸಿಕ್ಕಿತು. ಕೈಗೆ ಸಿಗಲಿಲ್ಲ. ಖಾಲಿ ಮಂಚದ ಹೊದಿಕೆಯನ್ನು ಮಡಚಿದ್ದನ್ನೇ ಮಡಚುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮನ ಒರಗುದಿಂಬನ್ನು ನೆಪ ಮಾಡಿಕೊಂಡು ಕಂಕುಳಲ್ಲಿಟ್ಟು ಇಂದಿರಾನಗರಕ್ಕೆ ಹೊರಟಳು.

ಗೇಟಿನಲ್ಲೇ ಪ್ರೇಮ್‌ಕುಮಾರ್ ಎದುರಾದ. "ನಿನ್ನ ತಿಂಗಳು ಇನ್ನೂ ಬಂದಿಲ್ವಲ್ಲ?"

"ದಿಂಬು ಕೊಟ್ಟು ಹೋಗೋಣ ಅಂತ."

ಒಳಗಿನಿಂದ ಕೆಮ್ಮು ಕೇಳಿಸಿತು. ಒದ್ದೆ ಬಟ್ಟೆ ಹಿಂಡಿದಂಥ ಕೆಮ್ಮು.

"ಸ್ವಲ್ಪ ಶೀತ. ಔಷಧಿ ತಂದಿದೀನಿ."

"ಒಂದ್ಸಲ ನೋಡ್ಕೊಂಡು ಹೋಗ್ತೀನಿ, ಅಣ್ಣ."

"ಇವತ್ತು ನಿನ್ನ ಬಿಟ್ರೆ ನಾಳೆ ಸುಕನ್ಯ ಬರ್ತಾಳೆ. ಒಬ್ರಿಗೊಂದು ನಿಯಮ ಅಂತ ಮಾಡಿದ್ರೆ ಅದು ನಿಯಮ ಹೇಗಾಗುತ್ತೆ?"

ಹಂಸ ಅವನ ಮಾತು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಅವನನ್ನು ದಾಟಿಕೊಂಡು, ಚಪ್ಪಲಿಯನ್ನೂ ಬಿಡದೆ ಒಳಗೆ ಹೋದಳು.

ಅಮ್ಮ ಹೆಚ್ಚುಕಡಿಮೆ ಅಂಗಾತ ಮಲಗಿದ್ದಳು, ತುಟಿ ಬಿಗಿಯಾಗಿ ಮುಚ್ಚಿತ್ತು. ಪಕ್ಕದಲ್ಲಿ ಖಾಲಿ ಬಟ್ಟಲು. "ಪೂರ್ತಿ ತಿಂದ್ರು," ಎಂದ ಪ್ರೇಮ್‌ಕುಮಾರ್ ಹಿಂದಿನಿಂದ.

ಹಂಸ ಅಮ್ಮನನ್ನು ಎಬ್ಬಿಸಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಳು. ಗದ್ದವನ್ನು ಎದೆಯ ಕಡೆ ಬಾಗಿಸಿ ಕೆನ್ನೆ ಸವರಿದಳು. ಬಾಯಿ ತೆರೆಯಿತು. ಬಲಗೆನ್ನೆಯ ಒಳಗೆ ಬೆರಳು ಹಾಕಿದಾಗ ಅನ್ನದ ಮುದ್ದೆ ಬಂತು. ಅದರ ಹಿಂದೆ ಬೆಳಗಿನ ಇಡ್ಲಿ. ಅಮ್ಮ ನುಂಗಿರಲಿಲ್ಲ. ಆ ಕಡೆ ಸ್ಪರ್ಶ ತಿಳಿಯದ್ದರಿಂದ ತುತ್ತು ಅಲ್ಲೇ ಕೂತಿತ್ತು. ಕರಗಿದ್ದು ಗಂಟಲಿಗೆ ಜಾರಿದಾಗಲೆಲ್ಲ ಕೆಮ್ಮು ಬರುತ್ತಿತ್ತು.

"ಬಟ್ಟಲು ಖಾಲಿಯಾಗಿತ್ತಲ್ಲ," ಎಂದ ಅಣ್ಣ.

"ನಂಗೂ ಮೊದ್ಲು ಗೊತ್ತಾಗಿರ್ಲಿಲ್ಲ. ಒಂದ್ಸಲ ಅಮ್ಮಂಗೆ ನನ್ ಕೈಯಲ್ಲೇ ಉಸಿರು ಕಟ್ಟಿತ್ತು."

ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಸರಿ, ಇದನ್ನೂ ನಿಯಮಕ್ಕೆ ಸೇರಿಸೋಣ. ಊಟ ಆದ್ಮೇಲೆ ಬಲಗೆನ್ನೆ ನೋಡೋದು."

ಹಂಸಳಿಗೆ ನಗು ಬರುವುದರಲ್ಲಿತ್ತು. "ದಿನಾ ಬಲಗೆನ್ನೇಲೇ ಇರಲ್ಲ. ಒಂದೊಂದ್ ದಿನ ಅಂಗುಳಕ್ಕೆ ಅಂಟ್ಕೊಂಡಿರುತ್ತೆ. ಒಂದೊಂದ್ ದಿನ ಬಾಯಲ್ಲಿ ಏನೂ ಇರಲ್ಲ, ಸುಮ್ನೆ ಸಿಟ್ಟು ಮಾಡ್ಕೊಂಡಿರುತ್ತೆ ಅಮ್ಮ."

"ಮತ್ತೆ ತಿಳ್ಕೊಳ್ಳೋದು ಹೇಗೆ?"

"ಮುಖ ನೋಡ್ಬೇಕು."

ಮುಖ ನೋಡದೆ ನ್ಯಾಯ ಹೇಳಬೇಕೆಂದು ವರ್ಷಗಟ್ಟಲೆ ಪಾಠ ಮಾಡಿದವನು ಕಿಟಕಿಯ ಕಡೆ ತಿರುಗಿದ.

"ಅಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದಳು ಹಂಸ.

"ಹೋಗು. ಆದ್ರೆ ಇನ್ಮೇಲೆ ಎಲ್ಲಾ ತಿಂಗಳೂ ನಿಂದೇ. ಆಮೇಲೆ ಅನ್ಯಾಯ ಆಯ್ತು ಅನ್ನಬಾರ್ದು."

ಅವನ ದನಿಯಲ್ಲಿ ಬೇಸರವಿತ್ತು. ಭುಜಗಳು ಮಾತ್ರ ಮೂಟೆ ಇಳಿಸಿದವನ ಹಾಗೆ ಸಡಿಲಾಗಿದ್ದವು. ಹಂಸ ಅದನ್ನು ನೋಡಿದಳು. ಸುಕನ್ಯ ಅಂದದ್ದು ಇದನ್ನೇ. ಸೊಂಟ ಚುಳ್ಳೆಂದಿತು.

"ಇಲ್ಲ," ಎಂದಳು.

"ಏನಿಲ್ಲ?"

"ಅಮ್ಮ ಹಲಸೂರಲ್ಲೇ ಇರುತ್ತೆ. ಮನೆಯಿಂದ ಮನೆಗೆ ಹೊತ್ಕೊಂಡು ತಿರುಗೋದು ಬೇಡ. ನೀವು ಅಲ್ಲಿಗೆ ಬರ್ಬೇಕು. ಚಿಕ್ಕಣ್ಣನೂ ಬರ್ಬೇಕು. ಅಮ್ಮನ ಹತ್ರ ಕೂತು ಕಲ್ಕೊಳ್ಳೋವರ್ಗೂ ನಾನಿರ್ತೀನಿ. ಆಮೇಲೆ ಎದ್ದು ಹೋಗ್ತೀನಿ."

"ಎಲ್ಲಿಗೆ?"

"ಊಟಕ್ಕೆ."

"ನನ್ನ ಕೈಲಿ ತಿನ್ನಲ್ಲ ಕಣೇ ಅವರು."

"ನನ್ ಕೈಲೂ ತಿಂತಿರ್ಲಿಲ್ಲ," ಎಂದು ಹಂಸ ಅಮ್ಮನ ಬಾಯಿ ಒರೆಸಿದಳು.

ಅಮ್ಮನನ್ನು ಹಲಸೂರಿಗೆ ಕರೆತಂದ ಮರುದಿನವೇ ಆನಂದ್ ಬಂದು, ಗೊಣಗಿಕೊಂಡೇ ಗಂಜಿ ಕಲಸಿದ. ಪ್ರೇಮ್‌ಕುಮಾರ್ ಬರುವುದಕ್ಕೆ ಭಾನುವಾರವಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಂಚದ ಪಕ್ಕ ಕುರ್ಚಿ ಎಳೆದುಕೊಂಡ. ಆಮೇಲೂ ಹಲವು ಭಾನುವಾರ ಬಂದ. ಹಂಸ ಪಕ್ಕದಲ್ಲಿ ಕೂತು ತೋರಿಸಿದಳು. ಅವನು ಪ್ರತಿ ಸಲವೂ ಗಡಿಯಾರ ನೋಡಿಕೊಂಡ.

"ಭಾವ, ಪರೀಕ್ಷೆಗೆ ಕೂತಿಲ್ಲ ನೀವು. ವಾಚು ಬಿಚ್ಚಿಡಿ," ಎಂದಳು ಸುಕನ್ಯ ಒಂದು ಭಾನುವಾರ. "ಇವತ್ತು ಹಂಸ ಪಕ್ಕದಲ್ಲಿ ಕೂರಲ್ಲ."

ಮೊದಲ ಚಮಚಕ್ಕೆ ಅಮ್ಮ ತುಟಿ ಬಿಗಿದಳು. ಎರಡನೆಯದು ಅವನ ಅಂಗಿಯ ಮೇಲೆ ಬಿತ್ತು. ಹಂಸ ಎದ್ದೇಬಿಟ್ಟಳು. ಸುಕನ್ಯ ಅವಳ ಸೆರಗು ಹಿಡಿದೆಳೆದು, ಕೈಗೆ ತಟ್ಟೆ ಕೊಟ್ಟು, ಹೊಸ್ತಿಲ ಕಡೆ ತಳ್ಳಿದಳು.

ಹೊಸ್ತಿಲಿನಿಂದ ಮಂಚ ಕಾಣುತ್ತಿತ್ತು. ಹಂಸ ಅನ್ನಕ್ಕೆ ಸಾರು ಕಲಸಿಕೊಂಡಳು. ಅಣ್ಣ ಗಂಜಿಯ ಚಮಚವನ್ನು ಅಮ್ಮನ ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದ. ಅಂಗಿಯ ಕಲೆಯನ್ನು ಒರೆಸಿಕೊಂಡಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಾ ನೋಡುತ್ತಾ, ಅವನಿಗೆ ತಿಳಿಯದ ಹಾಗೆ, ಅವನದೇ ಬಾಯಿ ಅರ್ಧ ತೆರೆದುಕೊಂಡಿತ್ತು. ಅಮ್ಮ ಆ ಬಾಯನ್ನು ಬಹಳ ಹೊತ್ತು ನೋಡಿದಳು.

ಹಂಸ ತಟ್ಟೆಯ ಕಡೆ ತಲೆ ತಗ್ಗಿಸಿದಳು. ಅನ್ನ ಇನ್ನೂ ಬೆರಳು ಸುಡುತ್ತಿತ್ತು.