ಹಸಿರು ಬುಟ್ಟಿಗೆ ಬಿದ್ದ ಸೂಜಿ

ನವುಲೆ ಬಡಾವಣೆಯ ತಮ್ಮ ಬೀದಿಯವರಿಗಾಗಿ ನಿವೃತ್ತ ಶಿಕ್ಷಕಿ ವೇದಾವತಿ ಕಸ ವಿಂಗಡಣೆಯ ಪುಟ್ಟ ನಾಟಕವೊಂದನ್ನು ಬರೆದಿದ್ದರು. ಅದರಲ್ಲಿದ್ದುದು ಒಂದೇ ಮನೆ, ಮೂರು ಬುಟ್ಟಿ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಅವರೇ ಅದನ್ನು ಓದತೊಡಗಿದರು.

“ಈ ಮನೆ ಸೊಸೆ ತರಕಾರಿ ಸಿಪ್ಪೆ, ಉಳಿದ ಅನ್ನ ಹಸಿರು ಬುಟ್ಟಿಗೆ ಹಾಕ್ತಾಳೆ. ಹಾಲಿನ ಕವರು ತೊಳೆದು ಒಣಗಿಸಿ, ಹಳೇ ಪೇಪರ್ ಜೊತೆ ನೀಲಿಗೆ. ಪ್ಯಾಡು, ಬ್ಯಾಂಡೇಜು ಕಾಗದದಲ್ಲಿ ಸುತ್ತಿ ಕೆಂಪಿಗೆ. ಮಾವನ ಇನ್ಸುಲಿನ್ ಸೂಜಿ ಗಟ್ಟಿ ಡಬ್ಬಿಯಲ್ಲಿ ಮುಚ್ಚಿ...”

“ಅಮ್ಮಾ, ಕಸ ಎತ್ತೋ ಓಬಮ್ಮ ಇವತ್ತು ಬರಲ್ಲ,” ಎಂದ ಆಗಷ್ಟೇ ಪಾರ್ಕಿಗೆ ಬಂದ ಕಸದ ಗಾಡಿಯ ಚಾಲಕ ವಸಂತ್. “ನಿನ್ನೆ ಈ ಬೀದಿ ಹಸಿ ಕಸದಲ್ಲಿ ಅವಳ ಕೈಗೆ ಸೂಜಿ ಚುಚ್ಚಿತು. ಯಾರದ್ದು ಅಂತ ಗೊತ್ತಾದ್ರೆ ಅವರ ರಕ್ತ ಪರೀಕ್ಷೆ ಮಾಡ್ಬಹುದು ಅಂತಾರೆ ಡಾಕ್ಟರು. ಯಾರೂ ಬಾಯಿ ಬಿಡ್ತಿಲ್ಲ.”

ವೇದಾವತಿ ಓದುತ್ತಿದ್ದ ಹಾಳೆಯನ್ನು ಮಡಚಿದರು. ನಿನ್ನೆ ಅವಸರದಲ್ಲಿ ಗಂಡನ ಸೂಜಿಯನ್ನು ಸಿಪ್ಪೆಯ ಜೊತೆ ಎಸೆದದ್ದು ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಆ ಸೂಜಿ ನಮ್ಮನೇದು ವಸಂತ್,” ಎಂದರು ಎಲ್ಲರೆದುರು. “ಯಜಮಾನರನ್ನ ಕರ್ಕೊಂಡು ಈಗಲೇ ಆಸ್ಪತ್ರೆಗೆ ಬರ್ತೀನಿ.”

ಗಂಡ ಗೋವಿಂದರಾಯರ ರಕ್ತದಲ್ಲಿ, ಸೂಜಿಯಿಂದಲೂ ಹರಡಬಲ್ಲ ಹೆಪಟೈಟಿಸ್ ಬಿ ಸೋಂಕು ಕಂಡುಬಂತು. ಅದುವರೆಗೆ ಅವರಿಗೂ ಅದು ಗೊತ್ತಿರಲಿಲ್ಲ. ಓಬಮ್ಮನಿಗೆ ಡಾಕ್ಟರು ಅಂದೇ ಅದನ್ನು ತಡೆಯುವ ಇಂಜೆಕ್ಷನ್ ಕೊಟ್ಟರು. ಸೋಂಕು ತಗುಲಿಲ್ಲವೆಂದು ಖಚಿತವಾಗಲು ಆರು ತಿಂಗಳು ಕಾಯಬೇಕು ಎಂದರು.

ಆಸ್ಪತ್ರೆಯ ಬೆಂಚಿನ ಬಳಿ ವೇದಾವತಿ ಕೈಮುಗಿದು ನಿಂತರು. ಓಬಮ್ಮ ಮುಖವೆತ್ತಲಿಲ್ಲ.

“ಕ್ಷಮಿಸೋದು ಆಮೇಲೆ ಟೀಚರಮ್ಮ. ಆರು ತಿಂಗಳು ಹೆಂಗೆ ನಿದ್ದೆ ಮಾಡ್ಲಿ, ಅದನ್ನ ಹೇಳಿ,” ಎಂದಳು.

ವೇದಾವತಿ ಅವಳ ಪಕ್ಕದಲ್ಲೇ ಕುಳಿತರು.