ಬಣ್ಣದ ಮಾದರಿಗೆ ತಂದ ಚೂರು

ಅತ್ತಿಗೆಯ ಜೆರಾಕ್ಸ್ ಅಂಗಡಿಗೆ ಬಂದ ಮೈದುನ, ನಿನ್ನೆ ತಾನೇ ಟೈಪ್ ಮಾಡಿಸಿದ ಆಸ್ತಿ ವಿಭಾಗಪತ್ರವನ್ನು ಅವಳ ಮುಂದಿಟ್ಟ. ಅಜ್ಜನ ಕಾಲದ ಮೂಲಪತ್ರ ಗೆದ್ದಲಿನ ಪಾಲಾಗಿತ್ತು. ಪತ್ರ ತೋರಿಸದಿದ್ದರೆ ಅವನಿರುವ ಮನೆ ದಾಯಾದಿಯ ಪಾಲಾಗುವಂತಿತ್ತು.

“ಇದನ್ನ ಹಳೇ ಪತ್ರದ ಹಾಗೆ ಮಾಸಲು ಮಾಡ್ಕೊಡಿ ಅತ್ತಿಗೆ. ಬರೆದಿರೋದೆಲ್ಲ ನಿಜಾನೇ. ಬಣ್ಣಕ್ಕೆ ಮಾದರೀನೂ ತಂದಿದೀನಿ,” ಎಂದು ಗೆದ್ದಲು ಉಳಿಸಿದ ಅಂಗೈಯಗಲದ ಚೂರನ್ನು ಕೊಟ್ಟ.

ಅತ್ತಿಗೆಗೆ ಕುತೂಹಲವಾಯಿತು. ಎರಡನ್ನೂ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದಳು. ಹೊಸ ಹಾಳೆ ನೀಲಿಯಾಗಿ ಹೊಳೆಯಿತು, ಚೂರು ಮಂಕಾಗಿಯೇ ಉಳಿಯಿತು.

“ಈಗಿನ ಕಾಗದಕ್ಕೆ ಬೆಳ್ಳಗೆ ಕಾಣೋ ರಾಸಾಯನಿಕ ಹಾಕ್ತಾರೆ, ಅಜ್ಜನ ಕಾಲದಲ್ಲಿ ಇರಲಿಲ್ಲ.”

“ಹಾಗಾದ್ರೆ ಮಾಸಲು ಮಾಡಿ ಬರೀ ಸ್ಕ್ಯಾನ್ ಕೊಡಿ. ಫೈಲು ಹೊಳೆಯಲ್ಲ.”

“ಜಾಣ ಕಣಪ್ಪ. ಆದ್ರೂ ಮಾಡಲ್ಲ. ಸಿಕ್ಕಿಬಿದ್ರೆ ನಿನ್ನ ನಿಜಾನೂ ಯಾರೂ ನಂಬಲ್ಲ. ಸಿಕ್ಕಿಬೀಳದಿದ್ರೂ, ಅಜ್ಜ ಮುಟ್ಟದ ಹಾಳೇನ ಅವರದ್ದು ಅಂದ ಹಾಗಾಯ್ತು.”

ಮೈದುನನ ಮುಖ ಸಪ್ಪಗಾಯಿತು. ಅವಳು ಚೂರನ್ನು ಹಿಂತಿರುಗಿಸಲು ಹೋಗಿ, ಭೂತಗನ್ನಡಿ ಹಿಡಿದು ಮತ್ತೆ ನೋಡಿದಳು. ಅಂಚಿನಲ್ಲಿ ಅರ್ಧ ಮೊಹರು, ಅದರ ಕೆಳಗೆ ನೋಂದಣಿ ಸಂಖ್ಯೆ, ಇಸವಿ.

“ಬಣ್ಣ ನೋಡಿದೀಯ, ಇದನ್ನ ನೋಡಲಿಲ್ವಾ? ನೋಂದಣಿ ಕಚೇರಿ ಪುಸ್ತಕದಲ್ಲಿ ಇದರ ನಕಲು ಇರತ್ತೆ. ದೃಢೀಕೃತ ಪ್ರತಿ ಕೇಳೋಣ. ಅದು ಹೊಸದಾಗೇ ಕಾಣತ್ತೆ, ಆದ್ರೂ ನಂಬ್ತಾರೆ.”

ಅರ್ಜಿ ಬರೆಯಲು ಅವಳು ಬಿಳಿ ಹಾಳೆಯೊಂದನ್ನು ಎಳೆದುಕೊಂಡಳು.