ಐದನೇ ಮಹಡಿಯ ಬಡ್ಡಿ

ಬಸ್ ಚಾಲಕನೂ ಅವನ ದರ್ಜಿ ಹೆಂಡತಿಯೂ ಅಪಾರ್ಟ್‌ಮೆಂಟಿನಲ್ಲಿ ಕೊಂಡ ಮನೆ ಇನ್ನೂ ಕಟ್ಟುವ ಹಂತದಲ್ಲಿತ್ತು. ಒಂದೊಂದು ಮಹಡಿ ಎದ್ದಂತೆ ಬ್ಯಾಂಕು ಸಾಲವನ್ನು ಕಂತುಕಂತಾಗಿ ಬಿಲ್ಡರ್‌ಗೆ ಕೊಡುತ್ತಿತ್ತು. ಕೊಟ್ಟಷ್ಟಕ್ಕೆ ಮಾತ್ರ ಇವರು ಬಡ್ಡಿ ಕಟ್ಟಬೇಕು; ಅದರಿಂದ ಅಸಲು ತಗ್ಗುವುದಿಲ್ಲ. ಜೊತೆಗೆ ಈಗಿರುವ ಮನೆಯ ಬಾಡಿಗೆ ಬೇರೆ.

ಐದನೇ ಮಹಡಿಯ ಸ್ಲ್ಯಾಬ್ ಮುಗಿಯಿತೆಂದು ಬಿಲ್ಡರ್ ಪತ್ರ ಕಳಿಸಿದಾಗ, ಗಂಡ ಮುಂದಿನ ಕಂತಿನ ಅರ್ಜಿಗೆ ಸಹಿ ಹಾಕಲು ಕುಳಿತ.

“ತಡೀರಿ, ನೋಡ್ಕೊಂಡು ಬರ್ತೀನಿ,” ಎಂದಳು ಹೆಂಡತಿ.

ಅಲ್ಲಿ ಎದ್ದಿದ್ದುದು ನಾಲ್ಕೇ ಮಹಡಿ. ಫೋಟೊ ತೆಗೆದು ನೇರ ಬ್ಯಾಂಕಿಗೆ ಹೋದಳು.

“ನಮ್ಮ ಇಂಜಿನಿಯರ್ ನೋಡೋ ತನಕ ಹಣ ಬಿಡಲ್ಲಮ್ಮ. ಅಲ್ಲೀವರೆಗೆ ನಿಮ್ಮ ಬಡ್ಡೀನೂ ಹೆಚ್ಚಲ್ಲ,” ಎಂದರು ಅಧಿಕಾರಿ.

ಸಂಜೆ ಗಂಡ ತಲೆ ಕೆರೆದುಕೊಂಡ. “ನಾನು ಕಣ್ಮುಚ್ಚಿ ಸಹಿ ಹಾಕ್ಬಿಡ್ತಿದ್ದೆ ಕಣೇ.”

“ಬಸ್ಸಾದ್ರೂ ಕಣ್ಬಿಟ್ಟು ಓಡಿಸ್ತೀರಿ ತಾನೇ?” ಎಂದು ನಗುತ್ತಾ ಅವನ ಪಕ್ಕ ಕುಳಿತಳು.